ಹತ್ತು ದಿನದೊಳಗೆ ಶೇಕಡಾ ಮೂರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಬಿ.ಕಾಂ. ಮುಗಿಸಿ ಚಾಮರಾಜಪೇಟೆಯ ನಮ್ಮ ದೊಡ್ಡಪ್ಪನ ನೋಟ್ ಬುಕ್ ಕಾರ್ಖಾನೆಯ ಲೆಕ್ಕ ನೋಡಿಕೊಳ್ಳಲು ಕೂತೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮನೆಯ ಹಿಂದಿನ ಶೆಡ್ಡು, ಗೆರೆ ಹೊಡೆಯುವ ಒಂದು ರೂಲಿಂಗ್ ಮಷೀನು, ಒಂದು ಕಟಿಂಗ್ ಮಷೀನು, ಸಾಲಾಗಿ ಕೂತು ಪುಸ್ತಕ ಹೊಲಿಯುವ ಏಳೆಂಟು ಜನ, ಮೂಲೆಯಲ್ಲಿ ಯಾವಾಗಲೂ ಕುದಿಯುತ್ತಿದ್ದ ಮೈದಾ ಅಂಟು. ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ಹುಡುಗಿ ಓದಿದ್ದಾಳೆ, ಮದುವೆ ಗೊತ್ತಾಗುವವರೆಗೆ ಬರಲಿ ಎಂದು ಅಪ್ಪನನ್ನು ಕೇಳಿ ನನ್ನನ್ನು ಕರೆಸಿಕೊಂಡರು. ನನಗೆ ಇಪ್ಪತ್ತೆರಡು. ಲೋಕಕ್ಕೆಲ್ಲ ಲೆಕ್ಕ ಕಲಿಸಲು ಹೊರಟವಳ ಹಾಗೆ ಮೊದಲ ದಿನವೇ ಮೂಗಿನ ಮೇಲೆ ಕನ್ನಡಕ ಏರಿಸಿಕೊಂಡು ಕೂತಿದ್ದೆ.

ನಮ್ಮ ಕಷ್ಟ ಒಂದೇ. ಕಾಗದದ ಡೀಲರು ನಗದು ಕೊಟ್ಟರೆ ಮಾತ್ರ ರೀಮು ಕೊಡುತ್ತಿದ್ದ. ನಮ್ಮ ಗಿರಾಕಿಗಳೋ, ಏಪ್ರಿಲ್‌ನಲ್ಲಿ ಪುಸ್ತಕ ಒಯ್ದರೆ ದುಡ್ಡು ಕೊಡುವಷ್ಟರಲ್ಲಿ ಆಷಾಢ ಬರುತ್ತಿತ್ತು. ನಡುವಿನ ಮೂರು ತಿಂಗಳು ದೊಡ್ಡಪ್ಪ ತಿಂಗಳಿಗೆ ನೂರಕ್ಕೆ ಎರಡರಂತೆ ಬಡ್ಡಿಗೆ ಹಣ ತಂದು ಹಾಕುತ್ತಿದ್ದರು. ನಾನು ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ಅವರ ಮುಂದೆ ಇಟ್ಟೆ.

“ದೊಡ್ಡಪ್ಪ, ಮೂರು ತಿಂಗಳಿಗೆ ನೂರಕ್ಕೆ ಆರು ರೂಪಾಯಿ ಬಡ್ಡಿಗೇ ಹೋಗ್ತಿದೆ. ಅದರ ಬದಲು ಗಿರಾಕಿಗಳಿಗೇ ನೂರಕ್ಕೆ ಮೂರು ಬಿಟ್ಟುಬಿಡೋಣ, ಬೇಗ ಕೊಟ್ಟೋರಿಗೆ ಮಾತ್ರ. ಅವರಿಗೂ ಮೂರು ಉಳಿಯುತ್ತೆ, ನಮಗೂ ಮೂರು ಉಳಿಯುತ್ತೆ.”

ದೊಡ್ಡಪ್ಪ ಆ ಹಾಳೆಯನ್ನು ಎರಡು ಸಲ ಓದಿದರು. “ಬುದ್ಧಿವಂತೆ ಕಣೇ ನೀನು” ಅಂದರು. ಆ ಮಾತು ನನ್ನ ತಲೆಗೆ ಏರಿತು, ಇಳಿಯಲು ಬಹಳ ದಿನ ಹಿಡಿಯಿತು.

ನಾನೇ ಒಕ್ಕಣೆ ಬರೆದು ರಬ್ಬರ್ ಸ್ಟ್ಯಾಂಪ್ ಮಾಡಿಸಿದೆ. ಅದು ಇಂದಿಗೂ ಬಾಯಿಪಾಠ. “ಬಿಲ್ಲಿನ ತಾರೀಖಿನಿಂದ ಹತ್ತು ದಿನದೊಳಗೆ ಹಣ ಪೂರ್ತಿ ಸಲ್ಲಿಸಿದರೆ ಮಾಲಿನ ಬೆಲೆಯ ಮೇಲೆ ಶೇಕಡಾ ಮೂರು ಕ್ಯಾಶ್ ಡಿಸ್ಕೌಂಟ್. ತೆರಿಗೆ ಮತ್ತು ಗಾಡಿ ಬಾಡಿಗೆಗೆ ರಿಯಾಯಿತಿ ಇಲ್ಲ. ತಪ್ಪಿದರೆ ನಲವತ್ತೈದು ದಿನದೊಳಗೆ ಪೂರ್ತಿ ಬೆಲೆ.” ಎಷ್ಟು, ಯಾವಾಗ, ಯಾವುದರ ಮೇಲೆ, ಮೂರೂ ಬಂತು ಎಂದು ನನಗೆ ಹೆಮ್ಮೆ. ತಾರೀಖಿನಿಂದ ಎಂದು ಬರೆದೆನಲ್ಲ, ನಮ್ಮ ಬಿಲ್ಲಿಗೆ ಆ ತಾರೀಖು ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಯೋಚಿಸಲಿಲ್ಲ.

ದೊಡ್ಡಪ್ಪ ಬಿಲ್ಲು ಬರೆಯುತ್ತಿದ್ದುದು ಶುಕ್ರವಾರ ಮಾತ್ರ. ಬೆಳಿಗ್ಗೆ ಲಕ್ಷ್ಮಿ ಪಟಕ್ಕೆ ಪೂಜೆ ಮಾಡಿ, ಹತ್ತೂವರೆಗೆ ರಾಹುಕಾಲ ಶುರುವಾಗುವುದರೊಳಗೆ, ಆ ವಾರದ ಆರ್ಡರುಗಳಿಗೆಲ್ಲ ಒಟ್ಟಿಗೆ ಬಿಲ್ಲು ಬರೆದು ಅರಿಶಿನ ಕುಂಕುಮ ಹಚ್ಚಿ ಎತ್ತಿಡುತ್ತಿದ್ದರು. ಪುಸ್ತಕ ಆ ಹೊತ್ತಿಗೆ ಸಿದ್ಧವಾಗಿರಬೇಕೆಂದೇನೂ ಇರಲಿಲ್ಲ. ಕೆಲವು ಸಲ ಕಾಗದಕ್ಕೆ ಗೆರೆಯನ್ನೂ ಹೊಡೆದಿರುತ್ತಿರಲಿಲ್ಲ. ಹೊಲಿದು, ರಟ್ಟು ಅಂಟಿಸಿ, ಕತ್ತರಿಸಿ, ಗಾಡಿಗೆ ಹೇರುವಷ್ಟರಲ್ಲಿ ಮುಂದಿನ ವಾರ ಅರ್ಧ ಕಳೆದಿರುತ್ತಿತ್ತು. ಗಿರಾಕಿ ಮೂರು ತಿಂಗಳಿಗೆ ದುಡ್ಡು ಕೊಡುವ ಕಾಲದಲ್ಲಿ ಬಿಲ್ಲಿನ ಮೇಲೆ ಆರನೇ ತಾರೀಖು ಇದ್ದರೇನು, ಹನ್ನೆರಡನೇ ತಾರೀಖು ಇದ್ದರೇನು? ಯಾರೂ ಅದನ್ನು ನೋಡುತ್ತಲೇ ಇರಲಿಲ್ಲ. ಹತ್ತು ದಿನದ ಲೆಕ್ಕ ಬಂದ ಮೇಲೆ ನೋಡಬೇಕಾಯಿತು, ಮತ್ತು ನೋಡಬೇಕಾದವಳು ನಾನಾಗಿದ್ದೆ.

ಶಂಕರಪುರದಲ್ಲಿ ಸಣ್ಣದೊಂದು ಸ್ಟೇಷನರಿ ಅಂಗಡಿ ಇಟ್ಟಿದ್ದ ಗಿರಾಕಿಯೊಬ್ಬರಿದ್ದರು. ಅವರು ಮೊದಲು ನಮ್ಮ ಶೆಡ್ಡಿನಲ್ಲೇ ಪುಸ್ತಕ ಹೊಲಿಯುತ್ತಿದ್ದವರು. ಹದಿನೈದು ವರ್ಷ ಹೊಲಿದು, ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು, ಉಳಿಸಿದ್ದ ಹಣದಲ್ಲಿ ಬಾಡಿಗೆ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಅವರಿಗೆ ನಾನು ‘ಮಗಾ’. ಚಿಕ್ಕವಳಿದ್ದಾಗ ರಜೆಗೆ ಬಂದರೆ, ಉಳಿದ ಕಾಗದದ ಚೂರಿನಲ್ಲಿ ಅಂಗೈಯಗಲದ ಪುಸ್ತಕ ಹೊಲಿದು ಕೊಡುತ್ತಿದ್ದರು.

ಆ ಬೇಸಿಗೆ ಅವರು ಬಹಳ ಖುಷಿಯಲ್ಲಿ ಬಂದರು. ಹತ್ತಿರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲೊಂದಕ್ಕೆ ವರ್ಷದ ನೋಟ್ ಬುಕ್ಕುಗಳನ್ನೆಲ್ಲ ಒದಗಿಸುವ ಆರ್ಡರು ಅವರಿಗೆ ಸಿಕ್ಕಿತ್ತು. ಐನೂರು ಡಜನ್. ಅದುವರೆಗೆ ಅವರು ನಮ್ಮಲ್ಲಿ ಒಟ್ಟಿಗೆ ಇಪ್ಪತ್ತು ಡಜನ್‌ಗಿಂತ ಜಾಸ್ತಿ ಕೊಂಡವರೇ ಅಲ್ಲ.

“ಪೇಟೆಯ ದೊಡ್ಡ ಅಂಗಡಿಯವರ ಎದುರು ನಿಮಗೆ ಹೇಗಣ್ಣ ಸಿಕ್ತು?” ಎಂದು ಕೇಳಿದೆ.

“ನೀವು ನನಗೆ ಹಾಕೋ ಬೆಲೆಗೇ ಸ್ಕೂಲಿಗೆ ಕೊಡ್ತೀನಿ ಅಂದೆ ಮಗಾ. ಡಜನ್ನಿಗೆ ಒಂಬತ್ತು ಅರವತ್ತು. ತೆರಿಗೆ, ಗಾಡಿ ಬಾಡಿಗೆ ಬಿದ್ದಷ್ಟು. ಒಂದು ಪೈಸೆ ಮೇಲೆ ಹಾಕಿಲ್ಲ.”

“ಹಾಗಾದ್ರೆ ನಿಮಗೇನು ಉಳಿಯುತ್ತೆ?”

ಅವರು ನಕ್ಕು, ಮೇಜಿನ ಮೇಲಿದ್ದ ನನ್ನ ಸ್ಟ್ಯಾಂಪನ್ನು ತೋರಿಸಿದರು. “ನೀನೇ ಕೊಡ್ತಿದ್ದೀಯಲ್ಲ, ನೂರಕ್ಕೆ ಮೂರು. ಪುಸ್ತಕ ಮುಟ್ಟಿದ ವಾರದಲ್ಲೇ ದುಡ್ಡು ಕೊಡಿ ಅಂತ ಹೆಡ್ ಮಿಸ್ಟ್ರೆಸ್ ಹತ್ರ ಮಾತಾಡಿದೀನಿ, ಒಪ್ಪಿದಾರೆ. ನಾಲ್ಕು ಸಾವಿರದ ಎಂಟುನೂರಕ್ಕೆ ನೂರ ನಲವತ್ನಾಲ್ಕು. ದೊಡ್ಡ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿದಾಳೆ. ಟೈಪಿಂಗ್ ಕ್ಲಾಸಿಗೆ ಹಾಕಬೇಕು. ಫೀಸು, ಪರೀಕ್ಷೆ ಕಟ್ಟೋದು ಎಲ್ಲ ಅದ್ರಲ್ಲೇ ಆಗೋಗುತ್ತೆ.”

ನನ್ನ ಯೋಜನೆ ಒಬ್ಬರ ಮನೆಗೆ ಬೆಳಕಾಗುತ್ತದೆ ಎಂದು ಎಷ್ಟು ಬೀಗಿದೆನೋ! ಮಾಲಿನ ಬೆಲೆ ಬೇರೆ, ತೆರಿಗೆ ಬಾಡಿಗೆ ಬೇರೆ ಎಂದು ಅವರು ತಾವಾಗಿಯೇ ತಿಳಿದು ಲೆಕ್ಕ ಹಾಕಿದ್ದು ನೋಡಿ, ಬೇರೆ ಗಿರಾಕಿಗಳೂ ಹೀಗೇ ಇದ್ದರೆ ಎಂದುಕೊಂಡೆ.

ಆರನೇ ತಾರೀಖು ಶುಕ್ರವಾರ ದೊಡ್ಡಪ್ಪ ಅವರ ಬಿಲ್ಲು ಬರೆದರು. ಮಾಲು ನಾಲ್ಕು ಸಾವಿರದ ಎಂಟುನೂರು, ತೆರಿಗೆ ಮತ್ತು ಗಾಡಿ ಬಾಡಿಗೆ ಸೇರಿ ನೂರ ತೊಂಬತ್ತಾರು, ಒಟ್ಟು ನಾಲ್ಕು ಸಾವಿರದ ಒಂಬೈನೂರ ತೊಂಬತ್ತಾರು. ನಾನೇ ಸ್ಟ್ಯಾಂಪು ಒತ್ತಿದೆ. ಆ ಹೊತ್ತಿಗೆ ಅವರ ಪುಸ್ತಕ ಶೆಡ್ಡಿನಲ್ಲಿ ಮಡಿಸಿದ ಹಾಳೆಯಾಗಿ ಬಿದ್ದಿತ್ತು. ಕೊನೆಗೆ ಗಾಡಿ ಹೊರಟಿದ್ದು ಹನ್ನೆರಡನೇ ತಾರೀಖು, ಗುರುವಾರ. ಹಗ್ಗ ಬಿಗಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಬಿಲ್ಲೂ ಅದೇ ಗಾಡಿಯಲ್ಲಿ ಹೋಯಿತು. ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನನಗೆ ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಹದಿನೇಳನೇ ತಾರೀಖು ಇನ್ನೊಂದು ನಡೆಯಿತು. ಪೇಟೆಯ ದೊಡ್ಡ ವ್ಯಾಪಾರಿಯೊಬ್ಬರ ಚೆಕ್ಕು ಬಂತು. ಅವರ ಮಾಲು ಹದಿನೆಂಟು ಸಾವಿರದ್ದು, ತೆರಿಗೆ ಬಾಡಿಗೆ ಸೇರಿ ಮೇಲೆ ಏಳುನೂರ ಇಪ್ಪತ್ತು. ಬಿಲ್ಲಿನ ತಾರೀಖಿಗೆ ಅವತ್ತಿಗೆ ಇಪ್ಪತ್ತೈದು ದಿನ. ಆದರೂ ಶೇಕಡಾ ಮೂರು ಹಿಡಿದುಕೊಂಡಿದ್ದರು. ಅದೂ ಮಾಲಿನ ಮೇಲಲ್ಲ, ತೆರಿಗೆ ಬಾಡಿಗೆ ಎಲ್ಲ ಸೇರಿದ ಒಟ್ಟು ಮೊತ್ತದ ಮೇಲೆ. ಹತ್ತು ದಿನದೊಳಗೆ ಕೊಟ್ಟಿದ್ದರೂ ಸಲ್ಲುತ್ತಿದ್ದುದು ಐನೂರ ನಲವತ್ತು, ಅವರು ಮುರಿದುಕೊಂಡಿದ್ದು ಐನೂರ ಅರವತ್ತೊಂದು ರೂಪಾಯಿ ಅರವತ್ತು ಪೈಸೆ. ಮೈಯೆಲ್ಲ ಉರಿಯಿತು. ಕಾಗದ ಬರೆಯಲು ಕೂತೆ, ಅರ್ಧ ಬರೆದೆ, ಹರಿದು ಹಾಕಿದೆ. ನಮ್ಮ ಸೀಸನ್ನಿನ ಮೂರನೇ ಒಂದು ಭಾಗ ಅವರದೇ ವ್ಯಾಪಾರ. ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ನನ್ನ ಬಿ.ಕಾಂ.ಗೆ ಇರಲಿಲ್ಲ. ಚೆಕ್ಕನ್ನು ಬ್ಯಾಂಕಿಗೆ ಕಳಿಸಿ, ಡಿಸ್ಕೌಂಟ್ ಖಾತೆಗೆ ಬರೆದು ಸುಮ್ಮನಾದೆ.

ಮಾರನೆಯ ದಿನ, ಹದಿನೆಂಟು, ಬುಧವಾರ, ಅಣ್ಣ ಬಂದರು. ದೊಡ್ಡಪ್ಪ ಕಾಗದದ ಡೀಲರ ಹತ್ತಿರ ಹೋಗಿದ್ದರು. ನಾನು ಲೆಕ್ಕ ಬರೆಯುವ ಮುಂದಿನ ಕೋಣೆಯಲ್ಲಿ ಅಕ್ಕಿಪೇಟೆಯಿಂದ ಲೆಕ್ಕದ ಪುಸ್ತಕ ಕೊಳ್ಳಲು ಬಂದ ಇಬ್ಬರು ಕೂತಿದ್ದರು. ಅಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಬಟ್ಟೆ ಚೀಲದಿಂದ ನೋಟಿನ ಕಟ್ಟು ತೆಗೆದು ನನ್ನ ಮುಂದೆ ಇಟ್ಟರು.

“ಎಣಿಸ್ಕೋ ಮಗಾ. ನಾಲ್ಕು ಸಾವಿರದ ಎಂಟುನೂರ ಐವತ್ತೆರಡು. ನಿನ್ನೆ ಸಾಯಂಕಾಲ ಸ್ಕೂಲಿಂದ ಬಂತು, ಇವತ್ತು ಬೆಳಿಗ್ಗೇನೇ ತಂದ್ಬಿಟ್ಟೆ.”

ನಾನು ಎಣಿಸಲಿಲ್ಲ. ಬಿಲ್ಲಿನ ನಕಲು ತೆಗೆದೆ.

“ಇದು ಆರನೇ ತಾರೀಖಿನ ಬಿಲ್ಲು ಅಣ್ಣ. ಹದಿನಾರಕ್ಕೆ ಹತ್ತು ದಿನ ಮುಗೀತು. ಇವತ್ತಿಗೆ ಹನ್ನೆರಡು. ಪೂರ್ತಿ ಕೊಡಬೇಕಾಗುತ್ತೆ.”

ಅವರಿಗೆ ತಮಾಷೆ ಮಾಡುತ್ತಿದ್ದೇನೆ ಅನಿಸಿರಬೇಕು, ನಕ್ಕರು. ನಾನು ನಗದೇ ಇದ್ದಾಗ ಬಿಲ್ಲಿನ ಕಡೆ ಬಗ್ಗಿ, ಮಂಜುಗಣ್ಣಿನಲ್ಲಿ ತಾರೀಖನ್ನು ಹುಡುಕಿದರು. “ಪುಸ್ತಕ ನನ್ನ ಕೈಗೆ ಬಂದಿದ್ದು ಹನ್ನೆರಡಕ್ಕಲ್ವಾ? ಇವತ್ತಿಗೆ ಆರೇ ದಿನ. ಯಜಮಾನ್ರು ಬಿಲ್ಲು ಬರೆದ ದಿನ ಇನ್ನೂ ಹೊಲಿಗೇನೇ ಬಿದ್ದಿರ್ಲಿಲ್ಲ ಮಗಾ. ಶುಕ್ರವಾರದ ಪದ್ಧತಿ ನನಗೆ ಗೊತ್ತಿಲ್ವಾ, ಹದಿನೈದು ವರ್ಷ ಇಲ್ಲೇ ಇದ್ದೋನು.”

“ಬಿಲ್ಲಿನ ತಾರೀಖಿನಿಂದ ಅಂತ ಸ್ಪಷ್ಟವಾಗಿ ಒತ್ತಿದೀನಲ್ಲ. ಮಾಲು ಮುಟ್ಟಿದ ದಿನದಿಂದ ಅಂತ ಎಲ್ಲಿದೆ?”

“ಇಲ್ಲ, ಒಪ್ಕೋತೀನಿ. ಆದ್ರೆ ಆ ಮೂರು ಪರ್ಸೆಂಟೇ ನನ್ನ ಲಾಭ. ನಿಂಗೆ ಹೇಳಿದ್ನಲ್ಲ.”

ಇಬ್ಬರು ಗಿರಾಕಿಗಳು ನಮ್ಮನ್ನೇ ನೋಡುತ್ತಿದ್ದರು. ಈಗ ಬಿಟ್ಟರೆ ಎಲ್ಲರೂ ಕೇಳುತ್ತಾರೆ, ಒಬ್ಬೊಬ್ಬರಿಗೊಂದು ನ್ಯಾಯ ಆಗುತ್ತದೆ ಎಂದುಕೊಂಡೆ. ಹಿಂದಿನ ದಿನವಷ್ಟೇ ಪೇಟೆಯವರಿಗೆ ಬೇರೆ ನ್ಯಾಯ ಮಾಡಿದ್ದು ನೆನಪಿರಲಿಲ್ಲ ಎಂದಲ್ಲ. ನೆನಪಿದ್ದುದರಿಂದಲೇ ಅಷ್ಟು ಸಿಟ್ಟಿನಲ್ಲಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಹಾಗೆ. ಇನ್ನೂ ಒಂದು ನಿಜ ಹೇಳಿಬಿಡುತ್ತೇನೆ. ನಮ್ಮ ಶೆಡ್ಡಿನಲ್ಲಿ ಪುಸ್ತಕ ಹೊಲಿಯುತ್ತಿದ್ದವರು ನನ್ನ ಬರಹದಲ್ಲಿ ತಪ್ಪು ತೋರಿಸುತ್ತಿದ್ದಾರೆ ಎಂಬುದೂ ಚುಚ್ಚಿತ್ತು.

“ರೂಲ್ಸ್ ಅಂದ್ರೆ ರೂಲ್ಸು. ಇಲ್ಲಿ ಕೆಲಸ ಮಾಡಿದ್ರಿ ಅಂತ ನಿಮಗೊಂದು, ಬೇರೆಯೋರಿಗೊಂದು ಮಾಡಕ್ಕಾಗಲ್ಲ” ಅಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಡಿಬಿಟ್ಟೆ.

ಅವರು ಅಂಗಿಯ ಎದೆ ಜೇಬಿಗೆ ಕೈ ಹಾಕಿ, ನಾಲ್ಕಾಗಿ ಮಡಿಸಿದ್ದ ನೋಟುಗಳನ್ನು ತೆಗೆದರು. ಒಂದು ನೂರು, ನಾಲ್ಕು ಹತ್ತು, ಎರಡು ಎರಡರ ನೋಟು. ನೂರ ನಲವತ್ನಾಲ್ಕನ್ನು ಅವರು ಆಗಲೇ ಬೇರೆ ತೆಗೆದಿಟ್ಟುಕೊಂಡಿದ್ದರು. ಬಹುಶಃ ನಮ್ಮಿಂದ ನೇರವಾಗಿ ಟೈಪಿಂಗ್ ಕ್ಲಾಸಿಗೆ ಹೋಗುವವರಿದ್ದರು. ಆ ನೋಟುಗಳನ್ನು ಕಟ್ಟಿನ ಮೇಲಿಟ್ಟು, “ರಸೀತಿ ಕೊಡಿ ಮೇಡಂ” ಅಂದರು.

ಚಿಕ್ಕಂದಿನಿಂದ ‘ಮಗಾ’ ಅಂದವರು ಮೇಡಂ ಅಂದರು. ನಾನು ರಸೀತಿ ಬರೆದುಕೊಟ್ಟೆ.

ಸಂಜೆ ದೊಡ್ಡಪ್ಪನಿಗೆ ಪ್ರತಾಪ ಹೇಳುವವಳ ಹಾಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

“ಪುಸ್ತಕ ಯಾವತ್ತು ಹೋಯ್ತು?”

“ಹನ್ನೆರಡಕ್ಕೆ.”

“ನಿನ್ನೆ ಆ ಪೇಟೆಯವರ ಚೆಕ್ಕು?”

ಖಾತೆಯಲ್ಲಿ ಅವರು ಆಗಲೇ ನೋಡಿದ್ದರು.

“ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದ ಹಾಗಾಯ್ತಲ್ಲೇ” ಅಂದರು. ಬೈಯುವ ದನಿಯಲ್ಲ ಅದು, ಬೈದಿದ್ದರೆ ನನಗೆ ಹಗುರಾಗುತ್ತಿತ್ತು. “ತಪ್ಪು ನಂದೂ ಇದೆ. ಆಗದೇ ಇರೋ ಪುಸ್ತಕಕ್ಕೆ ಶುಕ್ರವಾರ ಅಂತ ಬಿಲ್ಲು ಬರೆದೋನು ನಾನು. ಆದ್ರೆ ಎದುರಿಗೆ ನಿಂತಿದ್ದ ಮನುಷ್ಯನ್ನ ನೋಡ್ಬೇಕಾಗಿದ್ದಿದ್ದು ನೀನು. ನಾಳೆ ಹೋಗಿ ಆ ದುಡ್ಡು ಕೊಟ್ಟು ಬಾ. ನೀನೇ ಹೋಗು.”

ಮಾರನೆಯ ದಿನ ನಾನು ಹೋಗಲಿಲ್ಲ. ಶಂಕರಪುರ ಏನು ಮಹಾ ದೂರ, ನಡೆದರೆ ಹದಿನೈದು ನಿಮಿಷ. ಆದರೆ ಯಾವ ಮುಖ ಹೊತ್ತು ಹೋಗಲಿ, ಏನೆಂದು ಹೇಳಲಿ? ಸೀಸನ್ನಿನ ಗಡಿಬಿಡಿ ಎಂದು ನನಗೆ ನಾನೇ ನೆಪ ಹೇಳಿಕೊಂಡೆ. ಮುಂದಿನ ಸಲ ಅವರೇ ಮಾಲಿಗೆ ಬರುತ್ತಾರಲ್ಲ, ಆಗ ಬಿಲ್ಲಿನಲ್ಲಿ ಮುರಿದುಕೊಟ್ಟರಾಯಿತು, ಯಾರಿಗೂ ಮುಜುಗರವಿಲ್ಲ ಎಂದುಕೊಂಡೆ. ದೊಡ್ಡಪ್ಪ ಎರಡು ಸಲ ಕೇಳಿದರು. ಎರಡು ಸಲವೂ “ಹೋಗ್ತೀನಿ” ಅಂದೆ. ಆಮೇಲೆ ಅವರು ಕೇಳುವುದನ್ನು ಬಿಟ್ಟರು. ಅವರು ಬಿಟ್ಟಿದ್ದು ಕ್ಷಮಿಸಿದ್ದಲ್ಲ ಎಂದು ನನಗೆ ಗೊತ್ತಿತ್ತು.

ಅಣ್ಣ ಬರಲಿಲ್ಲ. ದಸರಾ ರಜೆ ಮುಗಿದು ಶಾಲೆಗಳು ಮತ್ತೆ ಪುಸ್ತಕ ಕೇಳುವ ಕಾಲಕ್ಕೂ ಬರಲಿಲ್ಲ. ಮರು ವರ್ಷ ಏಪ್ರಿಲ್ ಬಂತು. ಬೇರೆ ಎಲ್ಲರ ಆರ್ಡರು ಬಂತು, ಅವರದು ಬರಲಿಲ್ಲ. ಆ ಹೊತ್ತಿಗೆ ನಾನು ಸ್ಟ್ಯಾಂಪು ಬದಲಾಯಿಸಿದ್ದೆ. ‘ಬಿಲ್ಲಿನ ತಾರೀಖಿನಿಂದ’ ಎಂಬುದನ್ನು ತೆಗೆದು, ‘ಮಾಲು ತಲುಪಿದ ದಿನದಿಂದ’ ಎಂದು ಮಾಡಿಸಿದೆ. ಗಾಡಿಯವನ ಕೈಯಲ್ಲಿ ಒಂದು ಚೀಟಿ ಕಳಿಸಿ, ಮಾಲು ಇಳಿಸಿಕೊಂಡವರ ರುಜು ಮತ್ತು ತಾರೀಖು ಹಾಕಿಸಿ ತರಿಸುತ್ತಿದ್ದೆ. ದೊಡ್ಡಪ್ಪನ ಶುಕ್ರವಾರಕ್ಕೂ ಅಡ್ಡಿಯಿಲ್ಲ, ಗಿರಾಕಿಯ ಹತ್ತು ದಿನಕ್ಕೂ ಕೊರತೆಯಿಲ್ಲ. ಇಷ್ಟು ಸುಲಭದ ಕೆಲಸ. ಒಂದು ವರ್ಷ ಮೊದಲು ಹೊಳೆದಿದ್ದರೆ ಏನಾಗುತ್ತಿತ್ತು?

ಕೊನೆಗೂ ಒಂದು ದಿನ ಕವರಿನಲ್ಲಿ ನೂರ ನಲವತ್ನಾಲ್ಕು ರೂಪಾಯಿ ಹಾಕಿಕೊಂಡು, ಹೊಸ ಸ್ಟ್ಯಾಂಪು ಒತ್ತಿದ ಒಂದು ಖಾಲಿ ಬಿಲ್ಲನ್ನೂ ಇಟ್ಟುಕೊಂಡು ಶಂಕರಪುರಕ್ಕೆ ನಡೆದೆ. ಅಂಗಡಿ ಹಾಗೇ ಇತ್ತು, ಬಳಪ, ಪೆನ್ಸಿಲ್ಲು, ಬಣ್ಣದ ಕಾಗದ. ಹಿಂದಿನ ಹಲಗೆಯ ಮೇಲೆ ನೋಟ್ ಬುಕ್ಕಿನ ರಾಶಿ, ಬೇರೆ ಕಾರ್ಖಾನೆಯವು. ಅವರ ದೊಡ್ಡ ಮಗಳು ನೆಲದಲ್ಲಿ ಕೂತು ಕವರುಗಳಿಗೆ ಅಂಟು ಹಚ್ಚುತ್ತಿದ್ದಳು. ಟೈಪಿಂಗ್ ಮುಗಿಯಿತಾ ಎಂದು ಕೇಳಿದೆ. ಕೇಳಬಾರದಿತ್ತು.

“ಇಲ್ಲಕ್ಕ. ಹೋದ ವರ್ಷ ಆಗ್ಲಿಲ್ಲ. ಈ ಜೂನಿಗೆ ಸೇರ್ತೀನಿ” ಅಂದಳು. ಅವಳ ದನಿಯಲ್ಲಿ ಆಕ್ಷೇಪವಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಅಣ್ಣ ಮನೆಯಲ್ಲಿ ಹೇಳಿರಲೇ ಇಲ್ಲ ಅನಿಸುತ್ತದೆ.

ಅಣ್ಣ ಒಳಗಿನಿಂದ ಬಂದು ಸ್ಟೂಲು ಒರೆಸಿ ಕೊಟ್ಟರು. ದೊಡ್ಡಪ್ಪನ ಆರೋಗ್ಯ ಕೇಳಿದರು. ಮಗಳಿಗೆ ಕಾಫಿ ತರಲು ಹೇಳಿದರು. ನಾನು ಮೊದಲು ಹೊಸ ಬಿಲ್ಲು ಕೊಟ್ಟೆ. ಅದನ್ನು ಬೆಳಕಿಗೆ ಹಿಡಿದು, ಕಣ್ಣಿಗೆ ಹತ್ತಿರ ತಂದು, ಒಂದೊಂದೇ ಪದ ಓದಿದರು.

“ಇದು ಸರಿಯಾಗಿದೆ ಮೇಡಂ. ಮುಂದೆ ಬರೋರಿಗೆ ಅನುಕೂಲ ಆಗುತ್ತೆ” ಅಂದರು. ತಾವು ಆ ಮುಂದೆ ಬರುವವರಲ್ಲಿ ಇಲ್ಲ ಎಂದು ಅದಕ್ಕಿಂತ ಮರ್ಯಾದೆಯಾಗಿ ಹೇಳುವುದು ಸಾಧ್ಯವಿಲ್ಲ.

ನಾನು ಕವರು ಮುಂದಿಟ್ಟೆ. “ಅಣ್ಣ, ಅವತ್ತು ನಾನು ತಪ್ಪು ಮಾಡಿದೆ. ಗೊತ್ತಿದ್ದೂ ಮಾಡಿದೆ. ಇದು ನಿಮ್ಮದೇ, ತಗೊಳ್ಳಿ.”

ಅವರು ಕವರನ್ನು ಮುಟ್ಟಲಿಲ್ಲ. ಒಳಗೆ ಹೋದ ಮಗಳಿಗೆ ಕೇಳಿಸಬಾರದೆಂದೋ ಏನೋ, ದನಿ ತಗ್ಗಿಸಿದರು.

“ಅವತ್ತು ಕೊಟ್ಟಿದ್ರೆ ಅದು ನಾನು ದುಡಿದಿದ್ದು ಆಗ್ತಿತ್ತು. ಇವತ್ತು ಈಸ್ಕೊಂಡ್ರೆ ದಾನ ಆಗುತ್ತೆ. ಬೇಡಿ.”

ಎಷ್ಟು ಹೇಳಿದರೂ ಒಪ್ಪಲಿಲ್ಲ. ಒತ್ತಾಯ ಮಾಡುತ್ತ ಹೋದಷ್ಟೂ ಅವರು ಹೇಳಿದ ಹಾಗೆಯೇ ಆಗುತ್ತಿದೆ ಎಂದು ನನಗೇ ತಿಳಿದು ಬಾಯಿ ಮುಚ್ಚಿದೆ. ಕಾಫಿ ಬಂತು, ಕುಡಿದೆ. ನಾಚಿಕೆಯಿಂದ ಅದರ ರುಚಿಯೂ ತಿಳಿಯಲಿಲ್ಲ. ಅವರು ಬೀದಿಯ ತನಕ ಬಂದು ಬೀಳ್ಕೊಟ್ಟರು.

ಮನೆಗೆ ಬಂದು ಕವರನ್ನು ದೊಡ್ಡಪ್ಪನ ಕೈಗೆ ಕೊಟ್ಟೆ, ಅಣ್ಣ ಹೇಳಿದ್ದನ್ನೂ ಹೇಳಿದೆ. ಅವರು ಅದನ್ನು ನನಗೇ ತಿರುಗಿ ಕೊಟ್ಟರು.

“ಇದನ್ನ ಯಾವ ಖಾತೆಗೆ ಬರೀತೀಯೋ ಬರಿ” ಅಂದರು.

ಲೆಡ್ಜರು ತೆರೆದು ಕೂತೆ. ಅದು ನಮ್ಮ ಹಣವಲ್ಲ, ಅವರು ತೆಗೆದುಕೊಳ್ಳಲಿಲ್ಲ. ಬರೆಯಲು ಒಂದು ಸಾಲೂ ಸಿಗದೆ, ಪುಸ್ತಕ ಮುಚ್ಚಿಟ್ಟೆ.